ಎರಡು ಸಾವಿರ ಡಾಲರ್ ಬಿಲ್ಲು, ಖಾತೆಗೆ ಬಂದದ್ದೆಷ್ಟು?

(ಹೊರದೇಶದ ಕ್ಲೈಂಟ್‌ಗಳಿಗೆ ಫ್ರೀಲಾನ್ಸ್ ಕೆಲಸ ಮಾಡುವವರಿಗಾಗಿ ನಡೆದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಇವತ್ತಿನ ಮಾತನ್ನು ಒಂದೇ ಒಂದು ಬಿಲ್ಲಿಗೆ ಕಟ್ಟಿಹಾಕೋಣ. ಹುಬ್ಬಳ್ಳಿಯಲ್ಲಿ ಕೂತು ಅಮೆರಿಕದ ಒಂದು ಸಣ್ಣ ಕಂಪನಿಗೆ ವೆಬ್‌ಸೈಟ್ ಮಾಡಿಕೊಟ್ಟವರೊಬ್ಬರು ಇದ್ದಾರೆ ಎಂದುಕೊಳ್ಳಿ. ಕೆಲಸ ಮುಗಿದಿದೆ, 2,000 ಡಾಲರ್‌ಗೆ ಬಿಲ್ ಕಳಿಸಿದ್ದಾರೆ, ಹಣ ಬ್ಯಾಂಕಿನ ಮೂಲಕ ವೈರ್ ಆಗಿ ಬರುತ್ತದೆ. ಆ ದಿನ ಮಾರುಕಟ್ಟೆಯಲ್ಲಿ ಡಾಲರಿಗೆ 88 ರೂಪಾಯಿ ಇದೆ ಎಂದು ಹಿಡಿಯೋಣ. ಇದು ಲೆಕ್ಕದ ಅನುಕೂಲಕ್ಕೆ ಇಟ್ಟುಕೊಂಡ ಅಂಕಿ, ದರ ದಿನದಿನಕ್ಕೂ ಬದಲಾಗುತ್ತದೆ. ಫೋನಿನಲ್ಲಿ ದರ ನೋಡಿದ ನಮ್ಮ ಡಿಸೈನರ್ 1,76,000 ರೂಪಾಯಿ ಬರುತ್ತದೆ ಎಂದು ಕಾಯುತ್ತಾರೆ. ಖಾತೆಗೆ ಬೀಳುವುದು 1,71,185 ರೂಪಾಯಿ 50 ಪೈಸೆ.

4,814 ರೂಪಾಯಿ 50 ಪೈಸೆ ಎಲ್ಲಿ ಹೋಯಿತು? ಹೆಚ್ಚಿನವರು "ಬ್ಯಾಂಕ್ ಚಾರ್ಜು" ಎಂದು ಒಂದೇ ಮಾತಿನಲ್ಲಿ ಹೇಳಿ ಸುಮ್ಮನಾಗುತ್ತಾರೆ. ಅದು ಒಂದು ಚಾರ್ಜಲ್ಲ, ನಾಲ್ಕು. ಎಲ್ಲವನ್ನೂ ಕಡಿಯುವ ಕೈ ಒಂದೇ ಅಲ್ಲ, ತಗ್ಗಿಸುವ ದಾರಿಯೂ ಒಂದೇ ಅಲ್ಲ. ಬಿಡಿಸಿ ನೋಡದಿದ್ದರೆ ಯಾರ ಹತ್ತಿರ ಏನು ಕೇಳಬೇಕು ಎಂಬುದೇ ಗೊತ್ತಾಗುವುದಿಲ್ಲ.

ಮೊದಲನೆಯ ಕಡಿತ ನಡೆಯುವುದು ದಾರಿಯಲ್ಲಿ. ಅಮೆರಿಕದ ಆ ಕಂಪನಿಯ ಬ್ಯಾಂಕಿಗೂ ನಿಮ್ಮ ಬ್ಯಾಂಕಿಗೂ ನೇರ ವ್ಯವಹಾರ ಇರಲೇಬೇಕೆಂದೇನಿಲ್ಲ. ನಿಮ್ಮ ಬ್ಯಾಂಕು ಅಮೆರಿಕದ ಯಾವುದಾದರೂ ದೊಡ್ಡ ಬ್ಯಾಂಕಿನಲ್ಲಿ ಡಾಲರ್ ಖಾತೆ ಇಟ್ಟುಕೊಂಡಿರುತ್ತದೆ, ಅದಕ್ಕೆ ನಾಸ್ಟ್ರೋ ಖಾತೆ ಎನ್ನುತ್ತಾರೆ. ಡಾಲರ್ ನಿಜವಾಗಿ ಜಮೆಯಾಗುವುದು ಅಲ್ಲಿ. ಹಾಗೆ ದಾಟಿಸಿಕೊಡುವ ಮಧ್ಯದ ಬ್ಯಾಂಕು ತನ್ನ ಕೂಲಿಯನ್ನು ಹಣದಲ್ಲೇ ಮುರಿದುಕೊಳ್ಳುತ್ತದೆ. ನಮ್ಮ ಉದಾಹರಣೆಯಲ್ಲಿ ಅದು 20 ಡಾಲರ್. ನಿಮ್ಮ ಬ್ಯಾಂಕಿಗೆ ತಲುಪಿದ್ದು 1,980 ಡಾಲರ್ ಮಾತ್ರ. 88ರ ಲೆಕ್ಕದಲ್ಲಿ ಹೋದದ್ದು 1,760 ರೂಪಾಯಿ.

ಈ ಕೂಲಿಯನ್ನು ಯಾರು ಹೊರಬೇಕು ಎಂಬುದು ಕಳಿಸುವಾಗಲೇ ತೀರ್ಮಾನವಾಗುತ್ತದೆ. ವೈರ್ ಫಾರಂನಲ್ಲಿ ಮೂರು ಆಯ್ಕೆ ಇರುತ್ತವೆ. `OUR` ಎಂದರೆ ಎಲ್ಲ ಖರ್ಚು ಕಳಿಸುವವರದು. `SHA` ಎಂದರೆ ಅವರ ಬ್ಯಾಂಕಿನ ಖರ್ಚು ಅವರದು, ಮುಂದಿನದು ನಿಮ್ಮದು. `BEN` ಎಂದರೆ ಎಲ್ಲವೂ ನಿಮ್ಮದೇ. ಯಾರೂ ಏನೂ ಹೇಳದೆ ಇದ್ದರೆ ಸಾಮಾನ್ಯವಾಗಿ `SHA` ಆಗಿಯೇ ಹೊರಡುತ್ತದೆ. ಕ್ಲೈಂಟ್ ಬೇಕೆಂದು ಮಾಡಿದ್ದಲ್ಲ, ಆ ಆಯ್ಕೆ ಇದೆ ಎಂದೇ ಅವರಿಗೆ ಗೊತ್ತಿರುವುದಿಲ್ಲ. ಆದ್ದರಿಂದ ಬಿಲ್ಲಿನಲ್ಲೇ ಬರೆಯಬೇಕು, ಅದಕ್ಕೂ ಮೊದಲು ಕೆಲಸದ ದರ ಮಾತಾಡುವ ಹೊತ್ತಿನಲ್ಲೇ ಹೇಳಿಬಿಡಬೇಕು. ಬಿಲ್ ಕಳಿಸಿದ ಮೇಲೆ ಹೇಳಿದರೆ ಹೊಸದಾಗಿ ಚೌಕಾಸಿ ಮಾಡಿದ ಹಾಗೆ ಕಾಣುತ್ತದೆ. `OUR` ಹಾಕಿದ್ದರೂ ಮಧ್ಯದಲ್ಲಿ ಕಡಿತವಾಗಿರುವುದುಂಟು. ಆಗ ಅವರ ಬ್ಯಾಂಕನ್ನು ಕೇಳಲು ಕ್ಲೈಂಟ್‌ಗೆ ಆಧಾರವಾದರೂ ಇರುತ್ತದೆ.

ಈ 20 ಡಾಲರ್ ಮೊತ್ತದ ಮೇಲೆ ಶೇಕಡಾ ಲೆಕ್ಕದಲ್ಲಿ ಹೋಗುವುದಲ್ಲ, ಹೆಚ್ಚು ಕಡಿಮೆ ಸ್ಥಿರವಾಗಿರುತ್ತದೆ. 2,000 ಡಾಲರ್ ಬಿಲ್ಲಿಗೆ ಅದು ನೂರಕ್ಕೆ ಒಂದು, 500 ಡಾಲರ್ ಬಿಲ್ಲಿಗೆ ನೂರಕ್ಕೆ ನಾಲ್ಕು. ವಾರವಾರವೂ 500 ಡಾಲರ್ ತರಿಸುವವರು ತಿಂಗಳಿಗೊಮ್ಮೆ ತರಿಸಿದರೆ ನಾಲ್ಕು ಸಲ ಹೋಗುವುದು ಒಂದೇ ಸಲ ಹೋಗುತ್ತದೆ. ಹೊಸ ಕ್ಲೈಂಟ್ ಆದರೆ ಮಾತ್ರ ಅಷ್ಟು ದಿನ ಹಣ ಹೊರಗೆ ಬಿಡುವುದು ಬೇಡ.

ಎರಡನೆಯ ಕಡಿತವೇ ದೊಡ್ಡದು, ಅದು ಚಾರ್ಜು ಎಂಬ ಹೆಸರಿನಲ್ಲಿ ಎಲ್ಲೂ ಕಾಣುವುದಿಲ್ಲ. ಫೋನಿನಲ್ಲಿ ಕಂಡ 88 ರೂಪಾಯಿ ಬ್ಯಾಂಕುಗಳ ನಡುವೆ ಕೊಳ್ಳುವ ಮತ್ತು ಮಾರುವ ದರಗಳ ನಡುಮಧ್ಯದ ಅಂಕಿ. ನಿಮ್ಮ ಡಾಲರನ್ನು ಬ್ಯಾಂಕು ಕೊಳ್ಳುವುದು ತನ್ನ ಕಾರ್ಡ್ ರೇಟಿನಲ್ಲಿ. ಬ್ಯಾಂಕುಗಳು ದಿನಾ ಪ್ರಕಟಿಸುವ ಆ ಪಟ್ಟಿಯಲ್ಲಿ ಹಲವು ಕಾಲಂ ಇರುತ್ತವೆ: ಟಿಟಿ ಬೈಯಿಂಗ್, ಬಿಲ್ ಬೈಯಿಂಗ್, ಕರೆನ್ಸಿ ನೋಟು ಕೊಳ್ಳುವ ದರ, ಹಾಗೆಯೇ ಮಾರುವ ದರಗಳು. ವೈರ್ ಆಗಿ ಬಂದ ಹಣಕ್ಕೆ ಅನ್ವಯಿಸುವುದು ಟಿಟಿ ಬೈಯಿಂಗ್. ನಮ್ಮ ಉದಾಹರಣೆಯಲ್ಲಿ ಅದು 86 ರೂಪಾಯಿ 70 ಪೈಸೆ. ಡಾಲರಿಗೆ 1 ರೂಪಾಯಿ 30 ಪೈಸೆ ಎಂದರೆ ಸಣ್ಣದಾಗಿ ಕೇಳುತ್ತದೆ. 1,980 ಡಾಲರಿಗೆ ಗುಣಿಸಿದರೆ 2,574 ರೂಪಾಯಿ, ಹೋದ ಹಣದಲ್ಲಿ ಅರ್ಧಕ್ಕಿಂತ ಹೆಚ್ಚು.

ಕಾರ್ಡ್ ರೇಟು ಕೇಳದವರಿಗೆ ಕೊಡುವ ದರ. ಶಾಖೆಯ ಫಾರೆಕ್ಸ್ ಡೆಸ್ಕಿಗೆ, ಅಥವಾ ನಿಮ್ಮ ಖಾತೆ ನೋಡಿಕೊಳ್ಳುವ ಅಧಿಕಾರಿಗೆ ಒಂದು ಮಾತು ಕೇಳಿ: "ಸಾರ್, ಪ್ರತಿ ತಿಂಗಳೂ ಇಷ್ಟು ಡಾಲರ್ ಬರುತ್ತೆ, ಮಧ್ಯದರದ ಮೇಲೆ ಎಷ್ಟು ಪೈಸೆ ಮಾರ್ಜಿನ್‌ಗೆ ಮಾಡಿಕೊಡ್ತೀರಿ?" ರೇಟು ಎಷ್ಟು ಎಂದು ಕೇಳಬೇಡಿ, ಮಾರ್ಜಿನ್ ಎಷ್ಟು ಎಂದು ಕೇಳಿ. ರೇಟು ನಾಳೆಗೆ ಬದಲಾಗುತ್ತದೆ, ಒಪ್ಪಿಕೊಂಡ ಮಾರ್ಜಿನ್ ಉಳಿಯುತ್ತದೆ. 130 ಪೈಸೆಯ ಬದಲು 40 ಪೈಸೆಗೆ ಒಪ್ಪಿದರೆ ಇದೇ ಬಿಲ್ಲಿನಲ್ಲಿ 1,782 ರೂಪಾಯಿ ಉಳಿಯಿತು. ಒಪ್ಪಿದ್ದನ್ನು ಮೇಲ್‌ನಲ್ಲಿ ಬರೆಸಿಕೊಳ್ಳಿ. ಅಧಿಕಾರಿಗೆ ವರ್ಗವಾದರೆ ಬಾಯಿಮಾತೂ ಅವರ ಜೊತೆ ಹೋಗುತ್ತದೆ. ಚಿಕ್ಕ ಮೊತ್ತಕ್ಕೆ ಕೆಲವು ಶಾಖೆಗಳು ಒಪ್ಪುವುದಿಲ್ಲ, ಆಗ ಬೇರೆ ದಾರಿ ಹೋಲಿಸಿ ನೋಡಬೇಕಾಗುತ್ತದೆ, ಅದಕ್ಕೆ ಬರುತ್ತೇನೆ.

ಮೂರನೆಯದು ಕರೆನ್ಸಿ ಪರಿವರ್ತನೆಯ ಮೇಲಿನ ಜಿಎಸ್‌ಟಿ. 1,980 ಡಾಲರಿಗೆ 86.70ರಂತೆ ಬಂದ ಇಡೀ 1,71,666 ರೂಪಾಯಿ ಮೇಲೆ 18% ಹಾಕುತ್ತಾರೇನೋ ಎಂದು ಗಾಬರಿಯಾಗುವವರಿದ್ದಾರೆ. ಹಾಗಲ್ಲ. ಜಿಎಸ್‌ಟಿ ನಿಯಮ 32ರಲ್ಲಿ ಬ್ಯಾಂಕಿನ ಈ ಸೇವೆಗೆ ಒಂದು ಅಂದಾಜು ಬೆಲೆ ಕಟ್ಟುವ ಸೂತ್ರವಿದೆ, ಆ ಬೆಲೆಯ ಮೇಲೆ ಮಾತ್ರ 18%. ಒಂದು ಲಕ್ಷ ರೂಪಾಯಿವರೆಗೆ ಮೊತ್ತದ 1%, ಆದರೆ ಕನಿಷ್ಠ 250 ರೂಪಾಯಿ. ಒಂದರಿಂದ ಹತ್ತು ಲಕ್ಷದವರೆಗೆ 1,000 ರೂಪಾಯಿ, ಜೊತೆಗೆ ಲಕ್ಷದ ಮೇಲಿನ ಭಾಗಕ್ಕೆ 0.5%. ನಮ್ಮ ಬಿಲ್ಲಿಗೆ ಬೆಲೆ 1,358 ರೂಪಾಯಿ 33 ಪೈಸೆ, ತೆರಿಗೆ 244 ರೂಪಾಯಿ 50 ಪೈಸೆ. ನಾಲ್ಕನೆಯದು ಒಳಬರುವ ಹಣಕ್ಕೆ ನಿಮ್ಮ ಬ್ಯಾಂಕು ಹಾಕುವ ಶುಲ್ಕ. ಅದು 200 ರೂಪಾಯಿ ಎಂದುಕೊಂಡರೆ ತೆರಿಗೆ ಸೇರಿ 236. ಇವೆರಡೂ ಸಣ್ಣವು, ಬ್ಯಾಂಕಿನ ಜೊತೆ ಜಗಳವಾಡುವ ಜಾಗ ಇದಲ್ಲ. ನೀವೇ ಜಿಎಸ್‌ಟಿ ನೋಂದಣಿ ಇರುವವರಾಗಿದ್ದರೆ ನಿಮ್ಮ ಜಿಎಸ್‌ಟಿ ನಂಬರನ್ನು ಬ್ಯಾಂಕಿಗೆ ಕೊಟ್ಟಿಡಿ. ಹೀಗೆ ಕಟ್ಟಿದ ತೆರಿಗೆ ನಿಮ್ಮ ಇನ್‌ಪುಟ್ ಕ್ರೆಡಿಟ್‌ಗೆ, ಅಂದರೆ ನೀವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳುವ ಲೆಕ್ಕಕ್ಕೆ ಬರುತ್ತದೆ. ಕೊಡದಿದ್ದರೆ ಅದು ಖರ್ಚಾಗಿಯೇ ಉಳಿಯುತ್ತದೆ.

ಈಗ ಕೂಡಿಸಿ: 1,760, 2,574, 244.50, 236. ಒಟ್ಟು 4,814.50. ಪೈಸೆಗೆ ಪೈಸೆ ಕೂಡಿತು.

ಹೀಗೆ ಬಿಡಿಸುವುದು ಒಂದು ಸಲ ಸಾಕು. ಆಮೇಲೆ ದಾರಿಗಳನ್ನು ಹೋಲಿಸಲು ಒಂದೇ ಅಂಕಿ ಇಟ್ಟುಕೊಳ್ಳಿ: ಖಾತೆಗೆ ಕೊನೆಗೆ ಬಿದ್ದ ರೂಪಾಯಿಯನ್ನು ಬಿಲ್ಲಿನ ಡಾಲರಿನಿಂದ ಭಾಗಿಸಿ. ನಮ್ಮದರಲ್ಲಿ 1,71,185.50 ಭಾಗಿಸು 2,000, ಅಂದರೆ 85 ರೂಪಾಯಿ 59 ಪೈಸೆ. "ಶುಲ್ಕ ಸೊನ್ನೆ" ಎನ್ನುವ ಸೇವೆ ದರದಲ್ಲಿ ಮುರಿದುಕೊಂಡಿರಬಹುದು, "ಮಾರುಕಟ್ಟೆ ದರ" ಎನ್ನುವ ಸೇವೆ ಶುಲ್ಕದಲ್ಲಿ ಮುರಿದುಕೊಂಡಿರಬಹುದು. ಭಾಗಿಸಿ ಬಂದ ಅಂಕಿಯಲ್ಲಿ ಎರಡೂ ಸೇರಿಹೋಗಿರುತ್ತವೆ. ಅದೇ ದಿನದ ಮಧ್ಯದರದ ಪಕ್ಕದಲ್ಲಿಟ್ಟು ಬರೆದುಕೊಂಡರೆ ಮೂರು ನಾಲ್ಕು ಬಿಲ್ಲುಗಳಲ್ಲೇ ಯಾವ ದಾರಿ ಅಗ್ಗ ಎಂಬುದು ತಿಳಿಯುತ್ತದೆ.

ಬೇರೆ ದಾರಿ ಎಂದರೆ ಆನ್‌ಲೈನ್ ಪಾವತಿ ಕಂಪನಿಗಳು. ಹೊರದೇಶದ ವ್ಯವಹಾರ ಮಾಡುವ ಪೇಮೆಂಟ್ ಅಗ್ರಿಗೇಟರುಗಳಿಗೆ ರಿಸರ್ವ್ ಬ್ಯಾಂಕು 2023ರ ಅಕ್ಟೋಬರ್ 31ರಂದು ನಿಯಮ ಹೊರಡಿಸಿತು. ಇವುಗಳಲ್ಲಿ ಹಲವು ನಿಮ್ಮ ಹೆಸರಿನಲ್ಲಿ ಅಮೆರಿಕದ ಒಂದು ಖಾತೆ ನಂಬರ್ ಕೊಡುತ್ತವೆ. ಕ್ಲೈಂಟ್ ಅದಕ್ಕೆ ಅವರ ಊರಿನೊಳಗಿನ ವರ್ಗಾವಣೆಯಂತೆ ಹಣ ಹಾಕುತ್ತಾರೆ, ಮಧ್ಯದ ಬ್ಯಾಂಕೇ ಇರುವುದಿಲ್ಲ, ಆ 20 ಡಾಲರ್ ಹೋಗುವುದಿಲ್ಲ. ಚಿಕ್ಕ ಬಿಲ್ಲುಗಳಿಗೆ ಇದು ಒಳ್ಳೆಯ ದಾರಿ. ಆದರೆ ಒಂದು ವಿಷಯ ಗಮನಿಸಿ. ನಿಮ್ಮ ಖಾತೆಗೆ ಹಣ ಬರುವುದು ನೆಫ್ಟ್ ಅಥವಾ ಐಎಂಪಿಎಸ್ ಮೂಲಕ, ಇಲ್ಲಿನದೇ ಯಾವುದೋ ಖಾತೆಯಿಂದ. ಪಾಸ್‌ಬುಕ್ಕಿನಲ್ಲಿ ಡಾಲರ್ ಎಂಬ ಮಾತೇ ಇರುವುದಿಲ್ಲ. ಅದು ಹೊರದೇಶದಿಂದ ಬಂದ ಹಣ ಎಂದು ತೋರಿಸುವ ಕಾಗದವನ್ನು ಆ ಕಂಪನಿಯಿಂದಲೇ ಪಡೆಯಬೇಕು. ಖಾತೆ ತೆರೆಯುವ ಮೊದಲೇ ಕೇಳಬೇಕಾದ ಪ್ರಶ್ನೆ ಇದು: ಪ್ರತಿ ಪಾವತಿಗೂ ಫಿರಾ ಕೊಡುತ್ತೀರಾ, ಅದಕ್ಕೆ ಶುಲ್ಕ ಎಷ್ಟು?

ಫಿರಾ ಎಂದರೆ ಫಾರಿನ್ ಇನ್‌ವರ್ಡ್ ರೆಮಿಟೆನ್ಸ್ ಅಡ್ವೈಸ್. ಹಳಬರು ಇದನ್ನು ಎಫ್‌ಐಆರ್‌ಸಿ ಎಂದೇ ಕರೆಯುತ್ತಾರೆ, ಮಾತಿನಲ್ಲಿ ಎರಡೂ ನಡೆಯುತ್ತವೆ. ಯಾರು ಕಳಿಸಿದರು, ಯಾವ ದೇಶದಿಂದ, ಯಾವ ಕರೆನ್ಸಿಯಲ್ಲಿ ಎಷ್ಟು, ಯಾವ ದರದಲ್ಲಿ ಪರಿವರ್ತನೆಯಾಯಿತು, ಪರ್ಪಸ್ ಕೋಡ್ ಏನು ಎಂಬುದೆಲ್ಲ ಅದರಲ್ಲಿರುತ್ತದೆ. ಹಣ ಬಂದ ವಾರವೇ ಡೌನ್‌ಲೋಡ್ ಮಾಡಿ, ಬಿಲ್ಲಿನ ಪಕ್ಕದಲ್ಲಿಟ್ಟು ಓದಿ. ಎರಡು ವರ್ಷದ ನಂತರ ನೋಟಿಸ್ ಬಂದಾಗ ಶಾಖೆಗೆ ಓಡಿದರೆ ಹಳೆಯ ದಾಖಲೆ ತೆಗೆಸುವುದೇ ಒಂದು ಕೆಲಸವಾಗುತ್ತದೆ.

ಪರ್ಪಸ್ ಕೋಡ್ ಎಂದೆವಲ್ಲ, ಅಲ್ಲಿ ಸ್ವಲ್ಪ ನಿಲ್ಲೋಣ. ಹೊರದೇಶದಿಂದ ಬರುವ ಪ್ರತಿ ಹಣಕ್ಕೂ ಅದು ಏಕೆ ಬಂತು ಎಂಬುದನ್ನು ಬ್ಯಾಂಕು ರಿಸರ್ವ್ ಬ್ಯಾಂಕಿಗೆ ಒಂದು ಕೋಡಿನಲ್ಲಿ ತಿಳಿಸಬೇಕು. ಒಳಬರುವ ಹಣದ ಕೋಡುಗಳು P ಅಕ್ಷರದಿಂದ ಶುರುವಾಗುತ್ತವೆ. ಸಾಫ್ಟ್‌ವೇರ್ ರಫ್ತನ್ನು ಘೋಷಿಸುವ ಸಾಫ್ಟೆಕ್ಸ್ ಫಾರಂ ವ್ಯಾಪ್ತಿಗೆ ಬಾರದ ಸಾಫ್ಟ್‌ವೇರ್ ಸಲಹೆ ಮತ್ತು ಅನುಷ್ಠಾನಕ್ಕೆ `P0802`. ಡೇಟಾಬೇಸ್, ಡೇಟಾ ಸಂಸ್ಕರಣೆ ಕೆಲಸಕ್ಕೆ `P0803`. ವ್ಯವಹಾರ ಸಲಹೆ, ಆಡಳಿತ ಸಲಹೆ, ಸಾರ್ವಜನಿಕ ಸಂಪರ್ಕಕ್ಕೆ `P1006`. ಜಾಹೀರಾತಿನ ಕೆಲಸಕ್ಕೆ `P1007`. ನಮ್ಮ ವೆಬ್‌ಸೈಟ್ ಬಿಲ್ಲಿಗೆ `P0802` ಹೊಂದುತ್ತದೆ.

ತಪ್ಪಾಗುವುದು ಹೀಗೆ. ಉಳಿತಾಯ ಖಾತೆಗೆ ಹಣ ಬಂದಿರುತ್ತದೆ, ಬ್ಯಾಂಕು ಬಿಲ್ ಕೇಳುವುದಿಲ್ಲ, ಫಾರಂನಲ್ಲಿ `P1301` ಎಂದು ಬಿದ್ದಿರುತ್ತದೆ. ಅದು ಹೊರದೇಶದಲ್ಲಿರುವ ಭಾರತೀಯರು ಮನೆಯವರ ಖರ್ಚಿಗೆ ಕಳಿಸುವ ಹಣದ ಕೋಡ್. ಹಣವೇನೋ ಖಾತೆಗೆ ಬಂತು, ಯಾರಿಗೂ ತೊಂದರೆ ಕಾಣಲಿಲ್ಲ. ಆದರೆ ಅದು ನಿಮ್ಮ ದುಡಿಮೆಯ ರಫ್ತು ಹಣ ಎಂದು ತೋರಿಸಬೇಕಾದ ದಿನ, ಬ್ಯಾಂಕಿನದೇ ಕಾಗದ ಅದನ್ನು ಮನೆಖರ್ಚು ಎನ್ನುತ್ತದೆ. ಫಿರಾದಲ್ಲಿ ಮೊದಲು ನೋಡಬೇಕಾದ ಸಾಲು ಇದೇ. ತಪ್ಪಿದ್ದರೆ ಬಿಲ್ಲಿನ ಪ್ರತಿ ಲಗತ್ತಿಸಿ, ಕೋಡ್ ತಿದ್ದಿಕೊಡಿ ಎಂದು ಶಾಖೆಗೆ ಲಿಖಿತವಾಗಿ ಕೇಳಿ. ತಡ ಮಾಡಿದಷ್ಟೂ ತಿದ್ದುವುದು ಕಷ್ಟ. ಇದೇ ಕಾರಣಕ್ಕೆ ಈ ಹಣಕ್ಕೆಂದೇ ಒಂದು ಚಾಲ್ತಿ ಖಾತೆ ತೆರೆಯುವುದು ಒಳ್ಳೆಯದು, ಹಲವು ಬ್ಯಾಂಕುಗಳು ಈಗ ಅದನ್ನೇ ಕೇಳುತ್ತವೆ.

ಬ್ಯಾಂಕಿಗೆ ಕೋಡ್ ಗೊತ್ತಾಗದಿದ್ದರೆ ಹಣ ನಿಲ್ಲುತ್ತದೆ. ಡಿಸ್ಪೋಸಲ್ ಇನ್‌ಸ್ಟ್ರಕ್ಷನ್ ಎಂಬ ಒಂದು ಫಾರಂ ತುಂಬಿ, ಬಿಲ್ ಜೊತೆ ಕಳಿಸಿ ಎಂದು ಬ್ಯಾಂಕಿನಿಂದ ಮೇಲ್ ಬರುತ್ತದೆ. ಆ ಮೇಲ್ ಎಷ್ಟೋ ಸಲ ಸ್ಪ್ಯಾಮ್‌ಗೆ ಹೋಗಿರುತ್ತದೆ, ಅಥವಾ ಖಾತೆ ತೆರೆದಾಗ ಕೊಟ್ಟ, ಈಗ ಬಳಸದ ವಿಳಾಸಕ್ಕೆ ಹೋಗಿರುತ್ತದೆ. ಕ್ಲೈಂಟ್ ಕಳಿಸಿದೆ ಎನ್ನುತ್ತಾರೆ, ಇಲ್ಲಿ ಬಂದಿಲ್ಲ, ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ಅನುಮಾನ. ಉತ್ತರ ಕೊಡದೆ ಹೆಚ್ಚು ದಿನ ಬಿಟ್ಟರೆ ಹಣ ವಾಪಸ್ ಹೋಗಿಬಿಡಬಹುದು, ಹೋಗುವಾಗಲೂ ಚಾರ್ಜು ಕಡಿತವಾಗುತ್ತದೆ. ಒಂದೇ ಬಗೆಯ ಕೆಲಸಕ್ಕೆ ಪದೇ ಪದೇ ಹಣ ಬರುವವರಿಂದ ಎಷ್ಟೋ ಬ್ಯಾಂಕುಗಳು ಸ್ಥಾಯಿ ಸೂಚನೆ ತೆಗೆದುಕೊಳ್ಳುತ್ತವೆ. ಈ ಖಾತೆಗೆ ಬರುವ ಹಣವೆಲ್ಲ ಇಂಥ ಕೋಡಿನದು ಎಂದು ಒಂದು ಸಲ ಬರೆದುಕೊಟ್ಟರೆ ಪ್ರತಿ ಸಲದ ಓಡಾಟ ತಪ್ಪುತ್ತದೆ. ಮುಂದೂಡಬಾರದ ಕೆಲಸ ಇದು, ನಾಳೆಯೇ ಶಾಖೆಯಲ್ಲಿ ಕೇಳಿ.

ಈಗ ಬಿಲ್ಲಿಗೆ ಬರೋಣ. ಇದುವರೆಗೆ ಹೇಳಿದ ತೊಂದರೆಗಳಲ್ಲಿ ಅರ್ಧ ಬಿಲ್ಲಿನಲ್ಲೇ ಹುಟ್ಟುತ್ತವೆ. ಬ್ಯಾಂಕಿನಲ್ಲಿ ಕೂತವರಿಗೆ ನಿಮ್ಮ ಕೆಲಸ ಗೊತ್ತಿಲ್ಲ, ಅವರು ಬಿಲ್ಲಿನ ವಿವರಣೆ ಸಾಲು ಓದಿ ಕೋಡಿಗೆ ಹೊಂದಿಸುತ್ತಾರೆ. ಅಲ್ಲಿ `Services` ಎಂದಷ್ಟೇ ಇದ್ದರೆ ಅವರು ಏನು ಮಾಡಿಯಾರು? `Website design and front-end development` ಎಂದು ಬರೆದು, ಯಾವ ಅವಧಿಯದು, ಯಾವ ಒಪ್ಪಂದದ ಮೇಲೆ ಎಂಬುದನ್ನೂ ಸೇರಿಸಿದರೆ ಪ್ರಶ್ನೆಗೆ ಜಾಗವಿಲ್ಲ.

ಹೆಸರು ಎಲ್ಲ ಕಡೆ ಒಂದೇ ಇರಬೇಕು. ಬಿಲ್ಲಿನ ಮೇಲೆ ಸ್ಟುಡಿಯೋ ಹೆಸರು, ಬ್ಯಾಂಕ್ ಖಾತೆ ನಿಮ್ಮ ಹೆಸರಿನಲ್ಲಿ, ಪ್ಯಾನ್ ಕಾರ್ಡಿನಲ್ಲಿ ಇನಿಷಿಯಲ್ ಬಿಡಿಸಿದ ಉದ್ದ ಹೆಸರು: ನಮ್ಮ ಕಡೆ ಇದು ತೀರಾ ಸಾಮಾನ್ಯ. ತಂದೆಯ ಹೆಸರು, ಊರಿನ ಹೆಸರು ಇನಿಷಿಯಲ್ ಆಗಿ ಒಂದು ಕಡೆ ಮುಂದೆ, ಇನ್ನೊಂದು ಕಡೆ ಹಿಂದೆ. ಹೊರದೇಶದ ಬ್ಯಾಂಕಿಗೆ ಇದು ಇಬ್ಬರು ಬೇರೆ ಬೇರೆ ಮನುಷ್ಯರಂತೆ ಕಾಣುತ್ತದೆ. ಖಾತೆಯಲ್ಲಿ ಹೇಗಿದೆಯೋ ಅಕ್ಷರಕ್ಕೆ ಅಕ್ಷರ ಹಾಗೆಯೇ ಬಿಲ್ಲಿನಲ್ಲಿ ಬರೆಯಿರಿ, ಸ್ಟುಡಿಯೋ ಹೆಸರು ಬೇಕಿದ್ದರೆ ಅದರ ಕೆಳಗೆ. ಕ್ಲೈಂಟ್ ಕಡೆಯಿಂದಲೂ ಅಷ್ಟೇ: ಬಿಲ್ ಒಂದು ಕಂಪನಿಗೆ, ಹಣ ಕಳಿಸಿದ್ದು ಅವರ ಸೋದರ ಸಂಸ್ಥೆ ಎಂದಾದರೆ, ತಮ್ಮ ಪರವಾಗಿ ಅವರು ಪಾವತಿಸುತ್ತಾರೆ ಎಂಬ ಒಂದು ಮೇಲ್ ಮೊದಲೇ ತರಿಸಿಟ್ಟುಕೊಳ್ಳಿ.

ಬಿಲ್ಲಿನ ಕೆಳಗೆ ಬ್ಯಾಂಕಿನ ವಿವರ ಹೀಗಿರಲಿ:

```
Beneficiary name : (exactly as in bank account)
Account number   :
Bank and branch  :
SWIFT/BIC        :
IFSC             :
Currency         : USD
Charges          : OUR
Purpose code     : P0802
```

ಸ್ವಿಫ್ಟ್ ಕೋಡ್ 8 ಅಥವಾ 11 ಅಕ್ಷರದ್ದು, ಐಎಫ್‌ಎಸ್‌ಸಿ 11 ಅಕ್ಷರದ್ದು, ಎರಡೂ ಬೇರೆ. ಎಲ್ಲ ಶಾಖೆಗಳಿಗೂ ಸ್ವಿಫ್ಟ್ ಕೋಡ್ ಇರುವುದಿಲ್ಲ. ತಾಲ್ಲೂಕು ಕೇಂದ್ರದ ಶಾಖೆಯಾದರೆ ಜಿಲ್ಲೆಯ ಅಥವಾ ಬೆಂಗಳೂರಿನ ಫಾರೆಕ್ಸ್ ಶಾಖೆಯ ಕೋಡ್ ಕೊಡಬೇಕಾಗಬಹುದು. ಅದನ್ನು ಇಂಟರ್‌ನೆಟ್ಟಿನಲ್ಲಿ ಹುಡುಕಬೇಡಿ, ನಿಮ್ಮ ಶಾಖೆಯಿಂದಲೇ ಬರೆಸಿಕೊಳ್ಳಿ. ಸಹಕಾರಿ ಅಥವಾ ಗ್ರಾಮೀಣ ಬ್ಯಾಂಕಿನಲ್ಲಿ ಖಾತೆ ಇರುವವರು, ಆ ಬ್ಯಾಂಕು ಹೊರದೇಶದ ಹಣ ಪಡೆಯಬಲ್ಲುದೇ ಎಂದು ಮೊದಲು ಕೇಳಿ. ಯುರೋಪಿನ ಕ್ಲೈಂಟ್‌ಗಳು ಐಬ್ಯಾನ್ ಎಂಬ ಅಂತರರಾಷ್ಟ್ರೀಯ ಖಾತೆ ನಂಬರ್ ಕೇಳುತ್ತಾರೆ. ಭಾರತದಲ್ಲಿ ಐಬ್ಯಾನ್ ಪದ್ಧತಿ ಇಲ್ಲ. ಖಾತೆ ನಂಬರ್ ಮತ್ತು ಸ್ವಿಫ್ಟ್ ಕೋಡ್ ಸಾಕು ಎಂದು ತಿಳಿಸಿ. ನಂಬರ್ ಹಿಂದೆ ಏನನ್ನಾದರೂ ಸೇರಿಸಿ ಐಬ್ಯಾನ್ ತರಹ ಮಾಡಿ ಕೊಟ್ಟರೆ ಹಣ ದಾರಿ ತಪ್ಪುತ್ತದೆ.

ಕರೆನ್ಸಿ ಸಾಲಿನಲ್ಲಿ ಡಾಲರ್ ಎಂದು ಬರೆಯಲು ಕಾರಣವಿದೆ. ಕೆಲವು ಕ್ಲೈಂಟ್‌ಗಳ ಬ್ಯಾಂಕ್ ಆ್ಯಪಿನಲ್ಲಿ ರೂಪಾಯಿಯಲ್ಲೇ ಕಳಿಸುವ ಆಯ್ಕೆ ಇರುತ್ತದೆ, ಶುಲ್ಕವೂ ಕಡಿಮೆ ಎಂದು ತೋರಿಸುತ್ತದೆ. ಹಾಗೆ ಕಳಿಸಿದರೆ ಪರಿವರ್ತನೆ ಅವರ ಬ್ಯಾಂಕಿನ ದರದಲ್ಲಿ ಆಗಿಹೋಗಿರುತ್ತದೆ, ನೀವು ಇಲ್ಲಿ ಮಾತಾಡಿಕೊಂಡ ಮಾರ್ಜಿನ್ ಉಪಯೋಗಕ್ಕೆ ಬರುವುದಿಲ್ಲ. ಮೇಲಾಗಿ ಕಾಗದದಲ್ಲಿ ಡಾಲರ್ ಕಾಣದಿದ್ದರೆ, ಇದು ಹೊರದೇಶದ ಹಣ ಎಂದು ತೋರಿಸುವ ಹೊರೆ ನಿಮ್ಮ ಮೇಲೆ ಬೀಳುತ್ತದೆ.

ಆ ಹೊರೆ ಯಾಕೆ ಮುಖ್ಯ ಎಂದರೆ ಜಿಎಸ್‌ಟಿ. ನಿಮ್ಮ ಕೆಲಸ ಸೇವೆಯ ರಫ್ತು ಎನಿಸಿಕೊಳ್ಳಬೇಕಾದರೆ ಕಾನೂನಿನ ಷರತ್ತುಗಳಲ್ಲಿ ಒಂದು, ಹಣ ಪರಿವರ್ತಿಸಬಹುದಾದ ವಿದೇಶಿ ಕರೆನ್ಸಿಯಲ್ಲಿ, ಅಥವಾ ರಿಸರ್ವ್ ಬ್ಯಾಂಕು ಒಪ್ಪಿದ ಸಂದರ್ಭದಲ್ಲಿ ರೂಪಾಯಿಯಲ್ಲಿ ಬಂದಿರಬೇಕು ಎಂಬುದು. ರಫ್ತಾದರೆ ತೆರಿಗೆ ಸೊನ್ನೆ, ಅಲ್ಲದಿದ್ದರೆ 18%. ಅಮೆರಿಕದಲ್ಲಿರುವ ಅಣ್ಣನ ಖಾತೆಗೆ ಕ್ಲೈಂಟ್ ಹಾಕಲಿ, ಅಣ್ಣ ಇಲ್ಲಿನ ಖಾತೆಯಿಂದ ಯುಪಿಐ ಮಾಡಲಿ ಎಂಬ ಏರ್ಪಾಡು ಈ ಷರತ್ತಿನಲ್ಲೇ ಸೋಲುತ್ತದೆ. ಕ್ರಿಪ್ಟೊದಲ್ಲಿ ಪಡೆದರೂ ಅಷ್ಟೇ, ಅದು ವಿದೇಶಿ ಕರೆನ್ಸಿ ಅಲ್ಲ, ಅದಕ್ಕೆ ಫಿರಾ ಇಲ್ಲ.

ಕರ್ನಾಟಕದಲ್ಲಿ ಸೇವೆ ಕೊಡುವವರ ವರ್ಷದ ವಹಿವಾಟು 20 ಲಕ್ಷ ದಾಟಿದರೆ ನೋಂದಣಿ ಕಡ್ಡಾಯ. ರಫ್ತಿಗೆ ತೆರಿಗೆ ಸೊನ್ನೆ, ಹಾಗಾಗಿ ಈ ಲೆಕ್ಕಕ್ಕೆ ಅದು ಬರುವುದಿಲ್ಲ ಎಂದುಕೊಂಡವರು ಬಹಳ. ಬರುತ್ತದೆ, ರಫ್ತಿನ ಮೊತ್ತವೂ ವಹಿವಾಟಿಗೆ ಸೇರುತ್ತದೆ. ನೋಂದಣಿ ಆದವರು ಪ್ರತಿ ಆರ್ಥಿಕ ವರ್ಷವೂ ಜಿಎಸ್‌ಟಿ ಪೋರ್ಟಲ್‌ನಲ್ಲಿ `RFD-11` ಫಾರಂ ತುಂಬಿ ಎಲ್‌ಯುಟಿ ಪಡೆಯಬೇಕು. ತೆರಿಗೆ ಕಟ್ಟದೆ ರಫ್ತು ಮಾಡುತ್ತೇನೆ, ಷರತ್ತು ಪಾಲಿಸುತ್ತೇನೆ ಎಂಬ ಮುಚ್ಚಳಿಕೆ ಅದು. ಮಾರ್ಚ್ 31ಕ್ಕೆ ಅದರ ಆಯುಷ್ಯ ಮುಗಿಯುತ್ತದೆ. ಏಪ್ರಿಲ್‌ನ ಮೊದಲ ಬಿಲ್ಲಿಗಿಂತ ಮುಂಚೆ ಹೊಸದು ಕೈಯಲ್ಲಿರಲಿ. ಬಿಲ್ಲಿನ ಮೇಲೆ ಈ ಸಾಲು ಬೇಕು:

```
SUPPLY MEANT FOR EXPORT UNDER BOND OR LETTER OF
UNDERTAKING WITHOUT PAYMENT OF INTEGRATED TAX
```

ಬಿಲ್ ನಂಬರ್ ಕ್ರಮವಾಗಿರಬೇಕು, 16 ಅಕ್ಷರ ಮೀರಬಾರದು. ಎಲ್‌ಯುಟಿ ಮೇಲೆ ಕಳಿಸಿದ ಬಿಲ್ಲಿನ ಹಣ ಬಿಲ್ ತಾರೀಖಿನಿಂದ ಕಾನೂನು ಕೊಟ್ಟ ಅವಧಿಯೊಳಗೆ ಬರಬೇಕು. ಬಾರದಿದ್ದರೆ ಮುಂದಿನ 15 ದಿನದಲ್ಲಿ ತೆರಿಗೆಯನ್ನು 18% ಬಡ್ಡಿ ಸಮೇತ ಕಟ್ಟಬೇಕಾಗುತ್ತದೆ. ಹಣ ಕೊಡದ ಕ್ಲೈಂಟ್‌ನಿಂದ ಆಗುವ ನಷ್ಟದ ಮೇಲೆ ಇದೊಂದು. ನೋಂದಣಿ ಇಲ್ಲದವರು ಬಿಲ್ಲಿನಲ್ಲಿ ಇದಾವುದನ್ನೂ ಬರೆಯಬೇಕಿಲ್ಲ. ಆಮದು ರಫ್ತು ಮಾಡುವವರಿಗೆ ಕೊಡುವ ಐಇಸಿ ನಂಬರ್ ಬೇಕೇ ಎಂದು ಕೇಳುವವರಿಗೆ: ವಿದೇಶ ವ್ಯಾಪಾರ ನೀತಿಯ ಸೌಲಭ್ಯ ಪಡೆಯುವುದಿಲ್ಲವಾದರೆ ಸೇವೆಯ ರಫ್ತಿಗೆ ಅದು ಕಡ್ಡಾಯವಲ್ಲ.

ನಮ್ಮ ಬಿಲ್ಲನ್ನು ಪುಸ್ತಕದಲ್ಲಿ ಹೇಗೆ ಬರೆಯಬೇಕು? ಬಿಲ್ ಮಾಡಿದ ದಿನದ ದರ 87.50 ಇತ್ತು ಎನ್ನಿ. ರಿಟರ್ನ್‌ನಲ್ಲಿ ತೋರಿಸುವ ಮೊತ್ತ 1,75,000. ಬ್ಯಾಂಕು ಪರಿವರ್ತಿಸಿದ ಮೊತ್ತ 1,71,666. ನಡುವಿನ 3,334 ರೂಪಾಯಿ ವ್ಯತ್ಯಾಸಕ್ಕೆ ಎರಡು ಹೆಸರಿವೆ. ದಾರಿಯಲ್ಲಿ ಹೋದ 20 ಡಾಲರಿನ 1,750 ರೂಪಾಯಿ ಬ್ಯಾಂಕ್ ಖರ್ಚು. ಬ್ಯಾಂಕು ಕೊಟ್ಟ ದರ ಬಿಲ್ ದಿನದ ದರಕ್ಕಿಂತ ಕಡಿಮೆ ಇದ್ದದ್ದರಿಂದ ಹೋದ 1,584 ರೂಪಾಯಿ ವಿನಿಮಯ ನಷ್ಟ. ಹಣ ಕಡಿಮೆ ಬಂತೆಂದು ಬಿಲ್ಲನ್ನೇ ತಿದ್ದುವುದು, ಅಥವಾ ಖಾತೆಗೆ ಬಿದ್ದ 1,71,185ನ್ನೇ ಆದಾಯ ಎಂದು ತೋರಿಸುವುದು ತಪ್ಪು. ಫಿರಾದಲ್ಲಿ 1,980, ಬಿಲ್ಲಿನಲ್ಲಿ 2,000 ಇದ್ದರೆ, ಕ್ಲೈಂಟ್ ಕಡೆಯಿಂದ ಪಾವತಿ ದೃಢೀಕರಣದ ಪ್ರತಿ ತರಿಸಿ ಎರಡರ ಜೊತೆ ಪಿನ್ ಮಾಡಿಡಿ. 20 ಡಾಲರ್ ಎಲ್ಲಿ ಹೋಯಿತೆಂದು ಯಾರು ಕೇಳಿದರೂ ಉತ್ತರ ಅದರಲ್ಲೇ ಇರುತ್ತದೆ.

ದರ ಚೆನ್ನಾಗಿಲ್ಲದ ದಿನ ಡಾಲರನ್ನು ಹಾಗೆಯೇ ಇಟ್ಟುಕೊಳ್ಳಬಹುದೇ ಎಂಬ ಪ್ರಶ್ನೆ ಸಭೆಯಿಂದ ಬಂತು. ಇಇಎಫ್‌ಸಿ ಎಂಬ ಖಾತೆ ಇದೆ, ಗಳಿಸಿದ ವಿದೇಶಿ ಹಣವನ್ನು ಪೂರ್ತಿಯಾಗಿ ಅದರಲ್ಲಿ ಇಡಬಹುದು. ಬಡ್ಡಿ ಇಲ್ಲ. ಒಂದು ತಿಂಗಳಲ್ಲಿ ಬಂದ ಹಣವನ್ನು, ಅನುಮತಿ ಇರುವ ಹೊರದೇಶದ ಖರ್ಚುಗಳಿಗೆ ಬಳಸಿ ಉಳಿದದ್ದನ್ನು, ಮುಂದಿನ ತಿಂಗಳ ಕೊನೆಯೊಳಗೆ ರೂಪಾಯಿಗೆ ಬದಲಿಸಲೇಬೇಕು. ಹೊರದೇಶದ ಸಾಫ್ಟ್‌ವೇರ್‌ಗಳಿಗೆ ಡಾಲರಿನಲ್ಲಿ ಚಂದಾ ಕಟ್ಟುವವರಿಗೆ ಇದು ಉಪಯೋಗ: ಡಾಲರ್ ಮಾರಿ ಮತ್ತೆ ಕೊಳ್ಳುವ ಎರಡು ಮಾರ್ಜಿನ್ ಉಳಿಯುತ್ತವೆ. ದರ ಏರಲಿ ಎಂದು ಕಾಯುವುದಕ್ಕೆ ಅಷ್ಟೇನೂ ಉಪಯೋಗವಿಲ್ಲ.

ಇನ್ನೊಬ್ಬರು `W-8BEN` ಬಗ್ಗೆ ಕೇಳಿದರು. ಅಮೆರಿಕದ ಕ್ಲೈಂಟ್ ಇದನ್ನು ಕಳಿಸಿದರೆ ಗಾಬರಿ ಬೇಡ. ನಾನು ಅಮೆರಿಕದವನಲ್ಲ ಎಂದು ವ್ಯಕ್ತಿಯೊಬ್ಬರು ಬರೆದುಕೊಡುವ ಫಾರಂ ಅದು. ಕ್ಲೈಂಟ್‌ಗೆ ಕೊಡಬೇಕು, ಅಮೆರಿಕದ ತೆರಿಗೆ ಇಲಾಖೆಗೆ ಕಳಿಸುವುದಲ್ಲ. ವಿದೇಶಿ ತೆರಿಗೆ ನಂಬರ್ ಇರುವ ಜಾಗದಲ್ಲಿ ನಿಮ್ಮ ಪ್ಯಾನ್ ಬರೆಯಿರಿ. ಕೆಲಸವನ್ನು ಪೂರ್ತಿ ಭಾರತದಲ್ಲೇ ಕೂತು ಮಾಡಿದ್ದರೆ ಆ ಆದಾಯ ಅಮೆರಿಕದಲ್ಲಿ ಹುಟ್ಟಿದ್ದಲ್ಲ, ಅಲ್ಲಿನ 30% ಕಡಿತ ಅದಕ್ಕೆ ಅನ್ವಯಿಸುವುದಿಲ್ಲ. ಬಿಲ್ಲಿನಲ್ಲೂ ಕೆಲಸ ಭಾರತದಲ್ಲಿ ನಡೆದದ್ದು ಎಂದು ಒಂದು ಸಾಲು ಹಾಕಿ. ಸಹಿ ಮಾಡಿದ ವರ್ಷವನ್ನು ಬಿಟ್ಟು ಮುಂದಿನ ಮೂರನೆಯ ವರ್ಷದ ಡಿಸೆಂಬರ್ 31ರವರೆಗೆ ಅದು ಸಾಮಾನ್ಯವಾಗಿ ನಡೆಯುತ್ತದೆ.

ಕೊನೆಯ ಪ್ರಶ್ನೆ, ಕಳಿಸಿದ್ದೇವೆ ಎಂದು ಕ್ಲೈಂಟ್ ಹೇಳಿ ಹತ್ತು ದಿನವಾದರೂ ಬಾರದ ಹಣದ್ದು. ಬ್ಯಾಂಕಿಗೆ ಹೋಗಿ "ನನ್ನ ಹಣ ಬಂದಿದೆಯಾ" ಎಂದು ಕೇಳಿದರೆ ಕೌಂಟರಿನವರು ಖಾತೆ ನೋಡಿ ಇಲ್ಲ ಎನ್ನುತ್ತಾರೆ, ನಾಸ್ಟ್ರೋ ಖಾತೆಯಲ್ಲಿ ನಿಂತ ಹಣ ಅವರ ತೆರೆಯ ಮೇಲೆ ಕಾಣುವುದಿಲ್ಲ. ಕ್ಲೈಂಟ್‌ನಿಂದ ಸ್ವಿಫ್ಟ್ ಪ್ರತಿ ತರಿಸಿ. ಬ್ಯಾಂಕುಗಳ ನಡುವಿನ ಸಂದೇಶದ ರೂಪ 2025ರ ನವೆಂಬರಿನಿಂದ `pacs.008`ಕ್ಕೆ ಬದಲಾಗಿದೆ, ಆದರೂ ಕೌಂಟರಿನಲ್ಲಿ ಎಲ್ಲರೂ ಹಳೆಯ ರೂಪದ ಹೆಸರು ಹಿಡಿದು `MT103` ಎಂದೇ ಕೇಳುತ್ತಾರೆ. ಹೊಸ ರೂಪದಲ್ಲಿ `OUR` ಬದಲು `DEBT`, `SHA` ಬದಲು `SHAR` ಎಂದು ಇರುತ್ತದೆ. ಅದರಲ್ಲಿ `UETR` ಎಂಬ 36 ಅಕ್ಷರದ ಉದ್ದ ಗುರುತು ಇರುತ್ತದೆ. ಹಣ ಯಾವ ಬ್ಯಾಂಕಿನಲ್ಲಿ ನಿಂತಿದೆ ಎಂಬುದನ್ನು ಆ ಗುರುತಿನಿಂದ ಹುಡುಕುತ್ತಾರೆ. ಅದನ್ನು ಕೈಯಿಂದ ಬರೆದುಕೊಂಡು ಹೋಗಬೇಡಿ, ಒಂದು ಅಕ್ಷರ ತಪ್ಪಿದರೂ ಸಿಗುವುದಿಲ್ಲ. ಕಾಪಿ ಮಾಡಿ, ಬಿಲ್ಲಿನ ಪ್ರತಿಯೊಂದಿಗೆ ಫಾರೆಕ್ಸ್ ಡೆಸ್ಕಿನ ವಿಳಾಸಕ್ಕೆ ಮೇಲ್ ಮಾಡಿ, ಆಮೇಲೆ ಫೋನ್ ಮಾಡಿ.